ಮುನಿಸಿನ ಕುಂಕುಮ

ಹತ್ತನೆಯ ಶತಮಾನದಲ್ಲಿ ಮಾಳವದ ಮುಂಜರಾಜನ ಆಸ್ಥಾನದಲ್ಲಿದ್ದ ಧನಂಜಯ ತನ್ನ ‘ದಶರೂಪಕ’ದಲ್ಲಿ ಮುನಿಸಿಗೂ ಜಾಗ ಕೊಟ್ಟಿದ್ದಾನೆ. ಪ್ರೀತಿಯ ಮುನಿಸು ಗಂಡುಹೆಣ್ಣು ಇಬ್ಬರಿಗೂ ಬರುತ್ತದೆ ಎಂದು ಒಪ್ಪುತ್ತಾನೆ, ಅಷ್ಟರಮಟ್ಟಿಗೆ ಒಳ್ಳೆಯವನು. ಆದರೆ ಮುನಿಸು ತಿಳಿಯಾಗಿಸುವ ಆರು ಉಪಾಯ ಹೇಳುವ ಹೊತ್ತಿಗೆ ಮುನಿದವಳು ನಾಯಕಿ, ರಮಿಸುವವನು ನಾಯಕ. ನಿವೃತ್ತ ಬ್ಯಾಂಕ್ ನೌಕರ ಮುನಿಸಿಕೊಂಡು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತರೆ ಹೆಂಡತಿ ಏನು ಮಾಡಬೇಕು ಅನ್ನುವುದು ಅವನಿಗೆ ಹೊಳೆದಂತಿಲ್ಲ. ಅವನು ಎನ್.ಆರ್. ಕಾಲೋನಿಯಲ್ಲಿ ಬಾಳಿದವನಲ್ಲ ಪಾಪ.

ನಮ್ಮ ಮನೆಯವರು ಕೂಗಾಡುವ ಜಾತಿಯಲ್ಲ. ಕೂಗಾಡುವವರ ಜೊತೆ ಬಾಳುವುದು ಸುಲಭ ಅಂತ ನನ್ನ ಅಂದಾಜು. ಏನು ಕೋಪ ಅಂತ ನಾಲ್ಕು ಮನೆಗೆ ಕೇಳಿಸುತ್ತದೆ, ಬೇಕಾದರೆ ಪಕ್ಕದ ಮನೆಯವರನ್ನೇ ಕೇಳಿ ತಿಳಿದುಕೊಳ್ಳಬಹುದು. ಇವರದು ಮೌನ. ಕಾಫಿ ಕುಡಿದು ಲೋಟ ಇಡುವ ಸದ್ದು ಒಂದು ಪಟ್ಟು ಜಾಸ್ತಿಯಾಗುತ್ತದೆ. ಪೇಪರು ಓದುತ್ತಾ ಹೆಗಡೆ ಹೀಗಂದ, ಗೌಡ ಹಾಗಂದ ಅಂತ ನನಗೆ ಜೋರಾಗಿ ಓದಿ ಹೇಳುವುದು ನಿಲ್ಲುತ್ತದೆ. ಊಟಕ್ಕೆ ಕೂತಾಗ ‘ಇನ್ನೊಂಚೂರು ಹುಳಿ ಹಾಕು’ ಅನ್ನುವ ಬದಲು ಕೈಯನ್ನು ಎಲೆಯ ಮೇಲೆ ಅಡ್ಡ ಹಿಡಿಯುತ್ತಾರೆ. ಈ ಸಲದ ಮುನಿಸು ಧನುರ್ಮಾಸದಲ್ಲಿ ಶುರುವಾಯಿತು. ಅವರೆಕಾಯಿಯ ಕಾಲ. ಹಿತಕಿದ ಬೇಳೆ ಸಾರನ್ನು ಎರಡನೇ ಸಲ ಬಡಿಸಿಕೊಳ್ಳಲಿಲ್ಲ ಅಂದಾಗ ವಿಷಯ ಗಂಭೀರ ಅಂತ ಗೊತ್ತಾಯಿತು.

ಧನಂಜಯನ ಮೊದಲ ಉಪಾಯ ಸಾಮ, ಅಂದರೆ ಒಳ್ಳೆಯ ಮಾತು. ‘ಏನಾಯ್ತು ರೀ?’ ಅಂದೆ. ‘ಏನಿಲ್ಲ.’ ‘ಮತ್ತೆ ಯಾಕೆ ಹೀಗಿದ್ದೀರಿ?’ ‘ಹೇಗಿದ್ದೀನಿ? ಇದ್ದ ಹಾಗೇ ಇದ್ದೀನಿ.’ ಈ ಹಂತ ದಾಟಿ ಮುಂದೆ ಹೋದ ಹೆಂಗಸು ಬಸವನಗುಡಿ ಸುತ್ತಮುತ್ತ ಇರಲಿಕ್ಕಿಲ್ಲ. ಇದಾದ ಮೇಲೆ ನಾಲಿಗೆಯ ತುದಿಗೆ ತಾನಾಗಿ ಬರುವ ಮಾತು ‘ನಾನೇನು ತಪ್ಪು ಮಾಡಿದೆ ಹೇಳಿಬಿಡಿ’ ಅನ್ನುವುದು. ಕೇಳುವುದಕ್ಕೆ ವಿನಯ, ಒಳಗೆ ಆರೋಪಪಟ್ಟಿ. ಅದರ ಅರ್ಥ, ನೀನು ನನ್ನ ಮೇಲೆ ವಿನಾಕಾರಣ ಕೋಪಿಸಿಕೊಂಡಿದ್ದೀಯ, ಈಗ ಸಮರ್ಥಿಸಿಕೋ ಅಂತ. ನಮ್ಮತ್ತೆ ಈ ಮಾತನ್ನು ಮಾವನವರಿಗೆ ಅನ್ನುತ್ತಿದ್ದರು. ಒಂದು ದಿನದ ಮೌನ ಅಲ್ಲಿಂದ ಮುಂದೆ ವಾರಕ್ಕೆ ಏರುತ್ತಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಆಂಡ್ರ್ಯೂ ಕ್ರಿಸ್ಟೆನ್ಸನ್ ದಂಪತಿಗಳಲ್ಲಿ ಕಂಡು ಅಧ್ಯಯನ ಮಾಡಿದ್ದೂ ಇದನ್ನೇ: ಒಬ್ಬರು ಒತ್ತಿ ಒತ್ತಿ ಕೇಳಿದಷ್ಟೂ ಇನ್ನೊಬ್ಬರು ಒಳಕ್ಕೆ ಸರಿಯುತ್ತಾರೆ, ಅವರು ಸರಿದಷ್ಟೂ ಇವರು ಇನ್ನೂ ಒತ್ತುತ್ತಾರೆ. ಅವರ ಪ್ರಯೋಗಾಲಯಕ್ಕೆ ನಮ್ಮತ್ತೆ ಮಾವ ಹೋಗಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು.

ಹಾಗಾದರೆ ಇವರು ಬಾಯಿಬಿಟ್ಟು ಯಾಕೆ ಹೇಳುವುದಿಲ್ಲ? ಹೇಳಿಯಾಗಿದೆ ಅಂತ ಇವರ ಲೆಕ್ಕ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ವಿದ್ಯಾರ್ಥಿನಿ ಒಂದು ಪ್ರಯೋಗ ಮಾಡಿದರು. ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಒಬ್ಬರು ಮೇಜಿನ ಮೇಲೆ ಬೆರಳಲ್ಲಿ ಕುಟ್ಟಬೇಕು; ಎದುರಿಗಿರುವವರು ಯಾವ ಹಾಡು ಅಂತ ಹೇಳಬೇಕು. ಅರ್ಧಕ್ಕರ್ಧ ಹಾಡಾದರೂ ಗೊತ್ತಾಗುತ್ತದೆ ಅಂತ ಕುಟ್ಟಿದವರು ನಂಬಿದ್ದರು. 120 ಹಾಡು ಕುಟ್ಟಿದ್ದರಲ್ಲಿ ಕೇಳಿದವರು ಗುರುತಿಸಿದ್ದು ಮೂರು. ಕುಟ್ಟುವವರ ತಲೆಯೊಳಗೆ ಪಿಟೀಲು, ಮೃದಂಗ, ಸಾಹಿತ್ಯ ಎಲ್ಲ ಸೇರಿ ಹಾಡು ಮೊಳಗುತ್ತಿರುತ್ತದೆ; ಎದುರಿನವರಿಗೆ ಕೇಳುವುದು ಟಕ್ ಟಕ್ ಮಾತ್ರ. ಇದನ್ನು ಓದಿದ ಮೇಲೆ ಲೋಟದ ಸದ್ದನ್ನು ನಾನು ಬೇರೆ ಕಿವಿಯಿಂದ ಕೇಳತೊಡಗಿದೆ. ಇವರು ಲೋಟ ಇಡುವಾಗ ಒಳಗೆ ರಾಮಮಂದಿರದ ರಾಮೋತ್ಸವದ ಕಛೇರಿಯೇ ನಡೆಯುತ್ತಿರುತ್ತದೆ. ಇಷ್ಟು ವರ್ಷ ಜೊತೆಗಿದ್ದವಳಿಗೆ ಪಲ್ಲವಿಯೂ ತಿಳಿಯಲಿಲ್ಲವಲ್ಲ ಅನ್ನುವುದು ಎರಡನೇ ನೋವು. ಎಷ್ಟೋ ಮನೆಯಲ್ಲಿ ಈ ಎರಡನೆಯದೇ ಮೊದಲನೆಯದಕ್ಕಿಂತ ದೊಡ್ಡದಾಗಿ ಬೆಳೆದು, ಮೊದಲನೆಯದು ಏನಿತ್ತು ಅನ್ನುವುದು ಮುನಿದವರಿಗೇ ಮರೆತಿರುತ್ತದೆ.

ಸಾಮ ಸೋತ ಮೇಲೆ ದಾನ. ಧನಂಜಯ ಒಡವೆಯನ್ನು ಯಾವುದೋ ನೆಪ ಮಾಡಿ ಕೊಡು ಅನ್ನುತ್ತಾನೆ. ನೆಪ ಇರಬೇಕು ಅನ್ನುವುದು ಜಾಣತನದ ಮಾತು. ನಾನು ಗಾಂಧಿಬಜಾರಿನಿಂದ ಹೊಸದಾಗಿ ಪುಡಿ ಮಾಡಿಸಿದ ಕಾಫಿಪುಡಿ ತಂದು, ‘ಹಳೇದು ಮುಗಿದಿತ್ತು’ ಅಂದೆ. ಡಬ್ಬಿಯ ಮುಕ್ಕಾಲು ಹಳೆಯ ಪುಡಿ ಇದ್ದದ್ದನ್ನು ಇವರು ನೋಡಿದರು, ಏನೂ ಅನ್ನಲಿಲ್ಲ. ನತಿ, ಅಂದರೆ ಕಾಲಿಗೆ ಬೀಳುವುದು, ನನ್ನ ಮಂಡಿಯ ದೆಸೆಯಿಂದ ಕೈಬಿಟ್ಟೆ. ಉಪೇಕ್ಷೆಯನ್ನು ಒಂದು ಹಗಲು ನೋಡಿದೆ. ಇಬ್ಬರೂ ಮಾತಾಡದ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ತಂದ ಹುಡುಗನಿಗೆ ಇಬ್ಬರೂ ಒಟ್ಟಿಗೆ ‘ಊಟ ಆಯ್ತೇನಪ್ಪ?’ ಅಂದೆವು. ಅವನು ಗಾಬರಿಯಾಗಿ ಚಿಲ್ಲರೆ ಕೊಡದೆ ಹೋದ.

ಆಮೇಲೆ ನಾನು ಕೇಳುವುದನ್ನು ಬಿಟ್ಟು ನೋಡುವುದಕ್ಕೆ ಶುರುಮಾಡಿದೆ. ಮುಖ ನೋಡಿ ಪ್ರಯೋಜನವಿಲ್ಲ, ಮುಖಕ್ಕೆ ಬೀಗ ಹಾಕಿಯೇ ಮುನಿಸಿಕೊಳ್ಳುವುದು. ಬೀಗ ಹಾಕಲು ಮರೆತ ಜಾಗ ನೋಡಬೇಕು, ಅಂದರೆ ದಿನಚರಿ. ನಿಂತಿದ್ದೇನು, ಹೊಸದಾಗಿ ಸೇರಿದ್ದೇನು? ನನ್ನ ಬಿ.ಪಿ. ಮಾತ್ರೆಯನ್ನು ತಟ್ಟೆಯ ಪಕ್ಕ ಇಡುವುದು ನಿಂತಿರಲಿಲ್ಲ. ನಾನು ಹೊರಗಿಂದ ಬರುವ ಹೊತ್ತಿಗೆ ಗೇಟಿನ ದೀಪ ಹಾಕಿರುವುದೂ ನಿಂತಿರಲಿಲ್ಲ. ನನ್ನ ಮೇಲೆ ಕೋಪವಿದ್ದಿದ್ದರೆ ಇವರು ಮೊದಲು ಆರಿಸುವುದು ಆ ದೀಪವನ್ನೇ, ಹಳೆಯ ಅನುಭವ. ಹೊಸದಾಗಿ ಸೇರಿದ್ದು ಹಣೆಯ ಮೇಲಿನ ಕುಂಕುಮ. ಬೆಳಗಿನ ವಾಕಿಂಗ್‌ಗೆ ಇವರು ಹೋಗುವುದು ಎಂ.ಎನ್. ಕೃಷ್ಣರಾವ್ ಪಾರ್ಕಿಗೆ, ಅಲ್ಲಿ ಯಾರೂ ಕುಂಕುಮ ಇಡುವುದಿಲ್ಲ. ದೊಡ್ಡ ಗಣಪತಿ ಗುಡಿಯಲ್ಲಿ ಇಡುತ್ತಾರೆ. ಗುಡಿ ಇರುವುದು ಬ್ಯೂಗಲ್ ರಾಕ್ ಪಕ್ಕ. ಸಂಕಷ್ಟಹರ ಚತುರ್ಥಿಗೂ ಎಬ್ಬಿಸಿ ಕಳಿಸಬೇಕಾದ ಮನುಷ್ಯ ದಿನವೂ ಗಣಪತಿ ದರ್ಶನ ಮಾಡುತ್ತಿದ್ದಾರೆ ಅಂದರೆ ಭಕ್ತಿ ಬಂದಿಲ್ಲ, ದಾರಿ ಬದಲಾಗಿದೆ. ಅಂದರೆ ಮುನಿಸು ಮನೆಯದಲ್ಲ, ಪಾರ್ಕಿನದು.

ಈಗ ಭೇದ. ಮುನಿದವಳ ಗೆಳತಿಯನ್ನು ಒಲಿಸಿಕೊಳ್ಳುವುದು ಅಂತ ಧನಂಜಯ. ನಾನು ಪಾರ್ಕಿನ ಗೆಳೆಯರೊಬ್ಬರ ಹೆಂಡತಿಗೆ ಫೋನ್ ಮಾಡಿ ಹಿತಕಿದ ಬೇಳೆ ಸಾರಿಗೆ ಎಷ್ಟು ಕಾಯಿ ಹಾಕುತ್ತೀರಿ ಅಂತ ಕೇಳಿದೆ. ಅವರಿಗಿಂತ ಚೆನ್ನಾಗಿ ನನಗೇ ಗೊತ್ತು, ಅದು ಅವರಿಗೂ ಗೊತ್ತು. ಕಾಯಿ, ಗಸಗಸೆ ಎಲ್ಲ ಮುಗಿದ ಮೇಲೆ ತಾನಾಗಿ ಬಂತು: ಗುಂಪಿನ ಹಿರಿಯರೊಬ್ಬರಿಗೆ ಎಪ್ಪತ್ತು ತುಂಬಿತಂತೆ, ಎಲ್ಲರೂ ವಿದ್ಯಾರ್ಥಿ ಭವನಕ್ಕೆ ದೋಸೆಗೆ ಹೋದರಂತೆ. ‘ನಿಮ್ಮವರಿಗೆ ಶುಗರ್ ಅಲ್ವಾ, ಕರೆದು ಆಸೆ ಯಾಕೆ ಹುಟ್ಟಿಸೋದು ಅಂತ ಹೇಳ್ಲಿಲ್ವಂತೆ.’ ಕರುಣೆಯಿಂದ ಮಾಡಿದ್ದು. ಇವರಿಗೆ ಗೊತ್ತಾಗಿದ್ದು ಮಾರನೆಯ ದಿನ, ಸಾಗು ಬೆಣ್ಣೆ ಅಂತ ಅವರೆಲ್ಲ ಮಾತಾಡಿಕೊಳ್ಳುವಾಗ.

ಕಾರಣ ಸಿಕ್ಕಿದ ಮೇಲೆ ಅದನ್ನು ಹಿಡಿದುಕೊಂಡು ವರಾಂಡಕ್ಕೆ ಓಡುವುದು ದೊಡ್ಡ ಅನಾಹುತ. ‘ಓ, ದೋಸೆಗೆ ಕರೀಲಿಲ್ಲ ಅಂತಾನಾ?’ ಅಂದರೆ ಮುಗಿಯಿತು. ಅರವತ್ತೆಂಟರ ಗಂಡಸು ದೋಸೆಗಾಗಿ ಅತ್ತ ಹಾಗಾಗುತ್ತದೆ. ಇನ್ನೂ ಕೆಟ್ಟದ್ದು ‘ಅಷ್ಟೇನಾ?’ ಅನ್ನುವುದು. ನೋವಾಗಿದ್ದು ದೋಸೆಗಲ್ಲ, ತನ್ನ ಪರವಾಗಿ ತನ್ನನ್ನು ಕೇಳದೆ ನಾಲ್ಕು ಜನ ತೀರ್ಮಾನ ಮಾಡಿಬಿಟ್ಟರಲ್ಲ, ರೋಗಿಗಳ ಪಟ್ಟಿಗೆ ಸೇರಿಸಿಬಿಟ್ಟರಲ್ಲ ಅನ್ನುವುದಕ್ಕೆ. ಅದನ್ನು ನಾನು ಹೇಳಿದರೂ ಐದನೆಯವಳಾಗಿ ಇವರ ಪರವಾಗಿ ಮಾತಾಡಿದ ಹಾಗೇ. ಇವರ ಬಾಯಿಂದಲೇ ಬರಬೇಕು.

ಸಂಜೆ ನೆನೆಸಿಟ್ಟ ಅವರೆಕಾಳಿನ ಪಾತ್ರೆ ತಂದು ಇವರ ಪಕ್ಕ ಕೂತೆ. ಎದುರಿಗಲ್ಲ, ಪಕ್ಕ. ಎದುರಿಗೆ ಕೂತರೆ ಅದು ವಿಚಾರಣೆ. ಹಿತಕುವ ಕೆಲಸದಲ್ಲಿ ಕಣ್ಣು ಕೈಮೇಲೆ ಇರುತ್ತದೆ, ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಇವರೂ ಮಾತಿಲ್ಲದೆ ಒಂದು ಹಿಡಿ ತೆಗೆದುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಅಂದೆ: ‘ಈಚೆಗೆ ಗಣಪತಿ ಗುಡಿ ಕಡೆ ಹೋಗ್ತಾ ಇದ್ದೀರಲ್ಲ. ಪಾರ್ಕ್ ಬೇಜಾರಾಯ್ತೇನೋ.’ ಕಂಡದ್ದು ಇಷ್ಟು, ಊಹೆ ಇಷ್ಟು, ತಪ್ಪಾಗಿದ್ದರೆ ‘ಇಲ್ಲ’ ಅಂದುಬಿಡಲು ಜಾಗ. ಅಲ್ಲಿಗೆ ಸುಮ್ಮನಾದೆ. ಈ ಸುಮ್ಮನಿರುವುದು ಅತಿ ಕಷ್ಟ. ನಡುವೆ ‘ಹೇಳಿ ಪರವಾಗಿಲ್ಲ’ ಅಂತ ಒಂದು ಮಾತು ಸೇರಿಸಬೇಕು ಅಂತ ಪ್ರಾಣ ಹೋಗುತ್ತದೆ. ಸೇರಿಸಿದರೆ ಮತ್ತೆ ‘ಏನಿಲ್ಲ’. ಮುಕ್ಕಾಲು ಬಟ್ಟಲು ಬೇಳೆ ಆಯಿತು.

‘ನನಗೆ ಶುಗರಂತೆ,’ ಅಂದರು.

ಅಲ್ಲಿಂದ ಮುಂದಿನದೆಲ್ಲ ಬಂತು, ಯಾರು ಎಷ್ಟು ದೋಸೆ ತಿಂದರು ಅನ್ನುವ ಲೆಕ್ಕದ ಸಮೇತ. ‘ನನಗೆ ಹೇಳಬಾರದಿತ್ತಾ?’ ಅಂದೆ. ‘ನಿನಗೆ ಗೊತ್ತಾಗುತ್ತೆ ಅಂತಿದ್ದೆ.’ ನೂರಿಪ್ಪತ್ತರಲ್ಲಿ ಮೂರು.

ಎಲ್ಲ ಮೌನಕ್ಕೂ ಅವರೆಕಾಳು ಸಾಲದು ಅನ್ನುವುದನ್ನೂ ಹೇಳಬೇಕು. ನನ್ನ ದೊಡ್ಡಮ್ಮನ ಗಂಡ ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದರು. ದೊಡ್ಡಮ್ಮ ಕ್ಷಮೆ ಕೇಳಿದ ದಿನ ಬಾಯಿ ತೆರೆಯುವುದು, ಇನ್ನೊಮ್ಮೆ ಆಕೆ ಎದುರಾಡಿದ ದಿನ ಮುಚ್ಚುವುದು. ಆ ಮನೆಯಲ್ಲಿ ಗೇಟಿನ ದೀಪ ಎಂದೂ ಉರಿಯಲಿಲ್ಲ. ಅದು ನೋವಲ್ಲ, ದರ್ಬಾರು. ಅಂಥದ್ದನ್ನು ಊಹಿಸುತ್ತಾ ಕೂತರೆ ಊಹಿಸುವವರ ಆಯುಷ್ಯವೇ ಮುಗಿಯುತ್ತದೆ. ದೊಡ್ಡಮ್ಮ ಕೊನೆಗೆ ಊಹಿಸುವುದನ್ನು ಬಿಟ್ಟು ಮಗಳ ಮನೆಗೆ ಹೋದರು.

ನಮ್ಮವರು ಮಾರನೆಯ ಬೆಳಗ್ಗೆ ಎದ್ದವರೇ, ‘ನಡಿ, ಇವತ್ತು ನಾವಿಬ್ಬರೇ ಹೋಗೋಣ, ವಿದ್ಯಾರ್ಥಿ ಭವನಕ್ಕೆ’ ಅಂದರು. ಅಂದು ಶುಕ್ರವಾರ. ಶುಕ್ರವಾರ ಅಲ್ಲಿ ರಜೆ, ಇದು ಹುಟ್ಟಿದಾಗಿನಿಂದ ಇವರಿಗೆ ಗೊತ್ತಿರುವ ವಿಷಯ. ನಾನು ನೆನಪಿಸಲಿಲ್ಲ, ಗಾಂಧಿಬಜಾರಿನಲ್ಲಿ ಹೇಗೂ ಹೂವು ತರುವುದಿತ್ತು. ಮುಚ್ಚಿದ ಬಾಗಿಲ ಮುಂದೆ ಇವರು ಹಣೆ ಚಚ್ಚಿಕೊಳ್ಳುವಾಗ, ಸೇವಂತಿಗೆ ಮಾರು ಹಿಡಿದುಕೊಂಡು ಪಾರ್ಕಿನ ಗೆಳೆಯರೊಬ್ಬರು ಎದುರಾದರು.

‘ಏನ್ರೀ, ಪತ್ತೇನೇ ಇಲ್ಲ! ಎಲ್ಲಿ ಹೋಗಿದ್ರಿ?’

‘ಶುಗರ್ ನೋಡಿಕೊಳ್ತಾ ಇದ್ದೆ ಸ್ವಾಮಿ,’ ಅಂದರು ಇವರು.

ಅವರು ನಾಲಿಗೆ ಕಚ್ಚಿಕೊಂಡು ನನ್ನ ಮುಖ ನೋಡಿದರು. ನಾನು ಕೊತ್ತಂಬರಿ ಸೊಪ್ಪಿನ ಕಂತೆ ಆರಿಸುವುದರಲ್ಲಿ ಮಗ್ನಳಾದೆ. ತಿರುಗಿ ನೋಡಿದಾಗ ಇಬ್ಬರೂ ಯಾವ ಹೋಟೆಲ್ಲು ತೆರೆದಿರುತ್ತದೆ ಅಂತ ಜಗಳವಾಡುತ್ತಾ, ನನ್ನನ್ನೂ ಸೇವಂತಿಗೆಯನ್ನೂ ಹೂವಿನವಳ ಹತ್ತಿರ ಬಿಟ್ಟು, ಡಿ.ವಿ.ಜಿ. ರಸ್ತೆ ದಾಟುತ್ತಿದ್ದರು.