ಇನ್ನೂರೊಂದು ಕ್ವೆರಿ ಎಲ್ಲಿ ಹೋಯ್ತು?

ಬಾಮ್ಮ, ಆ ರೆಸ್ಯೂಮೆ ಹಾಳೆ ಕಾಂಪೌಂಡ್ ಮೇಲಿಡು, ನೋಡ್ತೀನಿ. ಒಂದೇ ಕೆಲಸಕ್ಕೆ ಹನ್ನೆರಡು ಸಾಲು ಬರೆದಿದ್ದೀಯ. ಮೊದಲ ಸಾಲಲ್ಲೇ 'ರೆಸ್ಟ್ ಎಪಿಐ ಅಭಿವೃದ್ಧಿಯ ಜವಾಬ್ದಾರಿ' ಅಂತಿದೆ. ಬ್ಯಾಕೆಂಡ್ ಹುಡುಗಿಗೆ ಬೇರೆ ಯಾವ ಜವಾಬ್ದಾರಿ ಇರತ್ತೆ ಹೇಳು? ಕೊನೆಗೆ ಜಾವಾ, ಸ್ಪ್ರಿಂಗ್ ಬೂಟ್, ಹೈಬರ್ನೇಟ್, ಪೋಸ್ಟ್‌ಗ್ರೆಸ್, ರೆಡಿಸ್, ಕಾಫ್ಕಾ, ಡಾಕರ್, ಗಿಟ್, ಜಿರಾ ಅಂತ ಉದ್ದದ ಬಾಲ ಬೇರೆ. ಇಂಟರ್ವ್ಯೂಗೆ ಕೂತಾಗ ನಾನು ಈ ಬಾಲ ಓದೋದೇ ಇಲ್ಲ. ಯಾವ ಹೆಸರು ಯಾವ ಕೆಲಸಕ್ಕೆ ಬಂತು ಅನ್ನೋದು ಅದರಲ್ಲಿ ಗೊತ್ತೇ ಆಗಲ್ಲ.

ಇದನ್ನೆಲ್ಲ ಬದಿಗಿಡು. ನೀನು ಬರೋ ಮುಂಚೆ ಅಲ್ಲಿ ಏನು ಕೆಟ್ಟಿತ್ತು, ಅದನ್ನ ಹೇಳು.

"ಆಂಟಿ, ದೊಡ್ಡ ಅಂಗಡಿಯವರಿಗೆ ಬಿಲ್ ಪಟ್ಟಿ ಪುಟ ತೆರೆಯೋಕೆ ಎಂಟು ಸೆಕೆಂಡ್ ಆಗ್ತಿತ್ತು. ಒಂದು ಪುಟಕ್ಕೆ ಇನ್ನೂರು ಬಿಲ್. ಬಿಲ್ ಟೇಬಲ್‌ನಲ್ಲಿ 1.2 ಕೋಟಿ ಸಾಲು, ಸರಿಯಾದ ಇಂಡೆಕ್ಸೂ ಇರಲಿಲ್ಲ. ಹೈಬರ್ನೇಟ್ ಮೊದಲು ಬಿಲ್‌ಗಳನ್ನ ತರೋದು, ಆಮೇಲೆ ಒಂದೊಂದು ಬಿಲ್‌ನ ಗ್ರಾಹಕರ ಹೆಸರಿಗೂ ಬೇರೆ ಬೇರೆಯಾಗಿ ಡೇಟಾಬೇಸಿಗೆ ಹೋಗೋದು. ಎಲ್ಲಾ ಒಂದೇ ಕ್ವೆರಿಯಲ್ಲಿ ಬರೋ ಹಾಗೆ ಮಾಡಿ ಇಂಡೆಕ್ಸ್ ಹಾಕಿದೆ, ಈಗ 0.6 ಸೆಕೆಂಡ್."

ಅಂದ್ರೆ 201 ಕ್ವೆರಿ ಒಂದಾಯ್ತು! ಇಷ್ಟು ಒಳ್ಳೇ ಕೆಲಸ ಈ ಹನ್ನೆರಡು ಸಾಲಲ್ಲಿ ಎಲ್ಲಿದೆ? ಒಂಬತ್ತನೇ ಸಾಲಲ್ಲಿ 'ಕಾರ್ಯಕ್ಷಮತೆ 92% ಹೆಚ್ಚಿಸಿದೆ' ಅಂತಿದೆಯಲ್ಲ, ಇದೇನಾ ಅದು? ಯಾವುದರ 92% ಅಂತ ಓದಿದವರಿಗೆ ಹೇಗೆ ಗೊತ್ತಾಗಬೇಕು? ನೂರು ಮಿಲಿಸೆಕೆಂಡ್ ಎಂಟಕ್ಕೆ ಇಳಿದರೂ 92%, ಎಂಟು ಸೆಕೆಂಡ್ 0.6ಕ್ಕೆ ಇಳಿದರೂ ಹೆಚ್ಚುಕಮ್ಮಿ ಅಷ್ಟೇ. ಮೊದಲನೆಯದು ಕಾಯೋ ಅಂಗಡಿಯವನಿಗೆ ಗೊತ್ತೇ ಆಗಲ್ಲ, ಎರಡನೆಯದರಿಂದ ಅವನ ದಿನವೇ ಬದಲಾಗತ್ತೆ. ಎಷ್ಟಿತ್ತು, ಎಷ್ಟಾಯ್ತು, ಎರಡನ್ನೂ ಬರಿ. ಇದು ಸರಾಸರಿ ಅಲ್ಲ, ಪಿ95 ಅನ್ನೋದನ್ನೂ ಹೇಳು, ಅಂದ್ರೆ ನೂರರಲ್ಲಿ ತೊಂಬತ್ತೈದು ಸಲ ಅಷ್ಟರೊಳಗೆ ಪುಟ ಬರತ್ತೆ ಅಂತ. ನಿಮ್ಮಲ್ಲಿ ಸಣ್ಣ ಅಂಗಡಿಗಳೇ ಜಾಸ್ತಿ, ಸರಾಸರಿ ತೆಗೆದರೆ ದೊಡ್ಡವರ ಕಷ್ಟ ಅದರಲ್ಲಿ ಮುಳುಗಿಹೋಗತ್ತೆ.

ಆಮೇಲೆ ಈ 'ಮೂರು ಸಾವಿರ ಅಂಗಡಿ, ಸೆಕೆಂಡಿಗೆ 150 ರಿಕ್ವೆಸ್ಟ್, ಐದು ಲಕ್ಷ ಬಳಕೆದಾರರು'. ಕಂಪನಿ ದೊಡ್ಡದು ಅಂತ ಇದರಿಂದ ಗೊತ್ತಾಗತ್ತೆ, ನಿನ್ನ ಕೆಲಸ ಎಷ್ಟು ಕಷ್ಟದ್ದು ಅಂತ ಗೊತ್ತಾಗಲ್ಲ. ಆ ಪುಟ ನಿಧಾನ ಆಗಿದ್ದು ಯಾಕೆ? ಕ್ವೆರಿಗಳ ಜೊತೆಗೆ, ಬಿಲ್ ಟೇಬಲ್‌ನಲ್ಲಿ 1.2 ಕೋಟಿ ಸಾಲು ಇದ್ದು, ಅಂಗಡಿ ಮತ್ತು ತಾರೀಕು ಎರಡನ್ನೂ ಸೇರಿಸಿದ ಇಂಡೆಕ್ಸ್ ಇಲ್ಲದ್ದರಿಂದ. ಹಾಗಾದ್ರೆ ಈ ಸಾಲಿಗೆ ಬೇಕಾದ ಗಾತ್ರ ಆ 1.2 ಕೋಟಿ ಒಂದೇ. ಕಂಪನಿಯವರು ಲೆಕ್ಕ ಹೊರಗೆ ಹೇಳಬೇಡ ಅಂದಿದ್ರೆ 'ಕೋಟಿಗೂ ಹೆಚ್ಚು' ಅಂತ ಬರಿ, ಸಾಕು.

ಈಗ ಹೀಗೆ ಬರಿ ನೋಡು: 'ದೊಡ್ಡ ಅಂಗಡಿಗಳ ಬಿಲ್ ಪಟ್ಟಿ ಪುಟದ ಪಿ95 ಸಮಯವನ್ನು 8 ಸೆಕೆಂಡಿನಿಂದ 0.6ಕ್ಕೆ ಇಳಿಸಿದೆ, ಹೈಬರ್ನೇಟ್‌ನ 201 ಕ್ವೆರಿಗಳನ್ನು ಒಂದಾಗಿಸಿ, ಕೋಟಿಗೂ ಹೆಚ್ಚು ಸಾಲಿನ ಪೋಸ್ಟ್‌ಗ್ರೆಸ್ ಟೇಬಲ್‌ಗೆ ಜಂಟಿ ಇಂಡೆಕ್ಸ್ ಕೊಟ್ಟೆ.' ಹೈಬರ್ನೇಟ್, ಪೋಸ್ಟ್‌ಗ್ರೆಸ್ ಎರಡೂ ತಾವು ಕೆಲಸ ಮಾಡಿದ ಜಾಗದಲ್ಲೇ ಬಂದವು. ರೆಡಿಸ್ ನೀನು ಹಾಕಿದ್ದಾ?

"ಇಲ್ಲ, ನಮ್ಮ ಸೀನಿಯರ್ ಹಾಕಿದ್ದು."

ಹಾಗಾದ್ರೆ ತೆಗಿ. ಬರೆದ ಪ್ರತಿ ಹೆಸರಿಗೂ ಎದುರು ಕೂತವರು ಒಂದು ಪ್ರಶ್ನೆ ಇಟ್ಟುಕೊಂಡಿರ್ತಾರೆ. ಗಿಟ್, ಜಿರಾನೂ ಬೇಡ, ಅವು ಗೊತ್ತಿಲ್ಲದ ಡೆವಲಪರ್ ಯಾರಿದ್ದಾರೆ? ಕಾಫ್ಕಾ?

"ಅದು ಇ-ಇನ್‌ವಾಯ್ಸ್‌ಗೆ ಆಂಟಿ, ನಾನೇ ಮಾಡಿದ್ದು. ಆದ್ರೆ ಅದಕ್ಕೆ ನಂಬರ್ ಏನೂ ಇಲ್ಲ."

ನಂಬರ್ ಇಲ್ಲ ಅಂತ ಅದನ್ನ ಬಿಟ್ಟುಬಿಟ್ಯಾ? ವಾರ್ಷಿಕ ವಹಿವಾಟು ಐದು ಕೋಟಿ ದಾಟಿದ ವ್ಯಾಪಾರಕ್ಕೂ 2023ರ ಆಗಸ್ಟ್ 1ರಿಂದ ಜಿಎಸ್‌ಟಿ ಇ-ಇನ್‌ವಾಯ್ಸ್ ಕಡ್ಡಾಯ ಆಯ್ತಲ್ಲ, ಆ ಗಡುವಿಗೆ ನೀನು ಮುಗಿಸಿದ್ದು ತಾನೆ? ಅದೇ ಪರಿಣಾಮ. ಸರ್ಕಾರಿ ಪೋರ್ಟಲ್ ಉತ್ತರ ಕೊಡದೇ ಹೋದಾಗ ಬಿಲ್ ಕಳೆದುಹೋಗಬಾರದು, ಮತ್ತೆ ಕಳಿಸಿದಾಗ 'ಇದು ಆಗಲೇ ನೋಂದಣಿ ಆಗಿದೆ' ಅಂತ ಬಂದರೆ ಅದನ್ನ ಸೋಲು ಅಂದುಕೊಳ್ಳಬಾರದು. ಈ ಎರಡಕ್ಕೂ ಏನು ಮಾಡಿದೆ ಅಂತ ಒಂದು ಸಾಲಲ್ಲಿ ಬರಿ, ಕಾಫ್ಕಾ ತಾನಾಗೇ ಅಲ್ಲಿ ಬಂದು ಕೂರತ್ತೆ. ಇದಕ್ಕೊಂದು ಶೇಕಡಾ ಹುಟ್ಟಿಸೋಕೆ ಮಾತ್ರ ಹೋಗಬೇಡ. ಹೇಗೆ ಅಳೆದೆ ಅಂತ ಒಂದು ಪ್ರಶ್ನೆ ಬಂದರೆ ಮಿಕ್ಕ ಸಾಲುಗಳ ಮೇಲಿನ ನಂಬಿಕೆಯೂ ಹೋಗತ್ತೆ.

ಇಂಥ ಸಾಲು ನಾಲ್ಕು ಆದರೆ ಸಾಕಮ್ಮ. ಉಳಿದವು ಹೋಗಲಿ.

ಆ ಎಂಟು ಸೆಕೆಂಡ್ ಅನ್ನೋದು ಎಲ್ಲಾದರೂ ಬರೆದಿಟ್ಟಿದ್ದೀಯಾ, ಇಲ್ಲ ಬರೀ ನೆನಪಾ? ಪ್ರೊಮಿಥಿಯಸ್‌ನಲ್ಲಿ ಸೆಟ್ಟಿಂಗ್ ಬದಲಾಯಿಸದಿದ್ರೆ ಹದಿನೈದು ದಿನದ ಅಳತೆ ಮಾತ್ರ ಉಳಿಯತ್ತೆ, ಹಳೇ ಗ್ರಾಫ್ ಈಗ ಸಿಗಲ್ಲ. ಆಗ ಬರೆದ ಟಿಕೆಟ್‌ನಲ್ಲೋ ಪುಲ್ ರಿಕ್ವೆಸ್ಟ್‌ನಲ್ಲೋ ಇರಬಹುದು, ನಾಳೆ ಆಫೀಸಲ್ಲಿ ನೋಡು. ಅಲ್ಲೂ ಸಿಗದಿದ್ರೆ 8 ಅಂತ ಬರೀಬೇಡ, 201 ಕ್ವೆರಿ ಒಂದಾಯ್ತು ಅಂತಷ್ಟೇ ಬರಿ. ಅದು ಕೋಡಲ್ಲೇ ಇದೆ.