ಇಪ್ಪತ್ತು ಪದದ ರಾಯರು

ಜರ್ಮನ್ ತರಗತಿ ಎಲ್ಲೇ ನಡೆಯಲಿ, ಅಲ್ಲೊಬ್ಬರು ಇಪ್ಪತ್ತು ಪದದ ರಾಯರು ಇದ್ದೇ ಇರುತ್ತಾರೆ. ಕಲಿತ ಪದವನ್ನು ಮತ್ತೆ ಮತ್ತೆ ಕೇಳುವ ಆಂಕಿ ಎಂಬ ಆ್ಯಪನ್ನು ಫೋನಿಗೆ ಹಾಕಿಕೊಂಡಿರುತ್ತಾರೆ. ದಿನಕ್ಕೆ 20 ಹೊಸ ಪದ ಎಂದು ಆ್ಯಪು ತಾನಾಗಿ ಇಟ್ಟ ಲೆಕ್ಕವನ್ನೇ ಶಾಸ್ತ್ರವೆಂದು ನಂಬಿ, ಆರು ತಿಂಗಳಿಗೆ 3600 ಪದ ಎಂದು ಮೊದಲ ದಿನವೇ ಗುಣಿಸಿ ಮುಗಿಸಿರುತ್ತಾರೆ. ಮೂರನೇ ತಿಂಗಳು ಏದುಸಿರು ಬಂದಾಗ ಅವರು ಬೈಯುವುದು ನೆನಪಿನ ಶಕ್ತಿಯನ್ನು. ರಾತ್ರಿ ನೆನೆಸಿಟ್ಟ ಏಳು ಬಾದಾಮಿ ಬೆಳಗ್ಗೆ ಹೊಟ್ಟೆಗೆ ಹೋಗತೊಡಗುತ್ತವೆ. ಆದರೆ ಕೆಟ್ಟಿರುವುದು ತಲೆಯಲ್ಲ, ಲೆಕ್ಕ. ಎಷ್ಟು ಪದ ಬರುತ್ತವೆಂದು ಎಣಿಸಿದ ರಾಯರು, ಬಂದ ಪದ ಎಷ್ಟು ಸಲ ಮರಳಿ ಬರುತ್ತದೆಂದು ಎಣಿಸಲಿಲ್ಲ.

ಚಮಚವನ್ನೇ ನೋಡಿ: ‘ಡೆರ್ ಲ್ಯೋಫೆಲ್’. ಇವತ್ತು ಕಲಿತದ್ದನ್ನು ಆ್ಯಪು ನಾಳೆ ಕೇಳುತ್ತದೆ. ಸರಿ ಹೇಳಿದರೆ ಮೂರು ದಿನ ಬಿಟ್ಟು, ಆಮೇಲೆ 8, 20, 50 ದಿನ ಬಿಟ್ಟು. ಪ್ರತಿ ಸಲ ಸುಮಾರು ಎರಡೂವರೆ ಪಟ್ಟು. ಮರೆಯುವ ಹೊತ್ತಿಗೆ ತಿಣುಕಿ ನೆನೆದದ್ದು ಗಟ್ಟಿ ಉಳಿಯುತ್ತದೆಂಬುದೇ ಇದರ ಗುಟ್ಟು. ಮೂರು ತಿಂಗಳಲ್ಲಿ ಒಂದು ಚಮಚಕ್ಕೆ ಐದೇ ಭೇಟಿ, ಬಹಳವೇನಲ್ಲ. ಆದರೆ ದಿನವೂ 20 ತಂದವರ ಮನೆಗೆ ನಿನ್ನೆಯವು, 4 ದಿನದ ಹಿಂದಿನವು, 12, 32, 82 ದಿನದ ಹಿಂದಿನವು ಒಂದೇ ಬೆಳಗ್ಗೆ ಬಂದು ಬಾಗಿಲು ಬಡಿಯುತ್ತವೆ. ಒಟ್ಟು ನೂರು, ತಪ್ಪಿದವು ಬೇರೆ. ಐದು ದಿನ ಮದುವೆಮನೆಯಲ್ಲಿ ಕಳೆದು ಬಂದರೆ ಐನೂರು. ದಿನಕ್ಕೆ ಏಳೇ ಪದ ತಂದಿದ್ದರೆ ಮೂವತ್ತೈದು, ಬಸ್ಸಿನಲ್ಲೇ ಮುಗಿಯುತ್ತಿತ್ತು.

ರಾಶಿ ಕಂಡ ರಾಯರು ಸುಳ್ಳು ಹೇಳತೊಡಗುತ್ತಾರೆ. ‘ಡಾಸ್ ಲ್ಯೋಫೆಲ್’ ಎಂದುಕೊಂಡು, ಉತ್ತರ ನೋಡಿ, “ಅಯ್ಯೋ, ನಾಲಿಗೆ ತುದೀಲೇ ಇತ್ತು ಕಣ್ರೀ” ಎಂದು ‘ಗೊತ್ತು’ ಒತ್ತುತ್ತಾರೆ. ಜರ್ಮನ್ನಿನಲ್ಲಿ ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ನಪುಂಸಕ. ಮೂರನ್ನೂ ‘ಅದು’ ಎನ್ನುವ ಕನ್ನಡಿಗರು ಎಡವುವುದೇ ಇಲ್ಲಿ. ನಾಳೆಯೇ ತಿದ್ದಬೇಕಿದ್ದ ತಪ್ಪು ಆ ಒಂದು ಒತ್ತಿಗೆ 20 ದಿನ ನೆಮ್ಮದಿಯಾಗಿ ಮಲಗುತ್ತದೆ.

ನಮ್ಮ ಹಿರಿಯರು ದಿನಾ ಮಗ್ಗಿ ಹೇಳಿ ಕಲಿಯಲಿಲ್ಲವೇ ಎನ್ನುವವರಿದ್ದಾರೆ. ಕಲಿತರು, ನಿಜ. ಆದರೆ ಏಳೆಂಟ್ಲೆ ಎಷ್ಟೆಂದು ತಟ್ಟನೆ ಕೇಳಿದರೆ ಏಳೊಂದ್ಲೆ ಏಳರಿಂದ ಹೊರಡುವವರೂ ಕಡಿಮೆಯಿಲ್ಲ. ಸಾಲಾಗಿ ಕಲಿತದ್ದು ಸಾಲಿನಲ್ಲೇ ಬರುತ್ತದೆ. ಮಾತಾಡುತ್ತಾ ಭಾಷೆ ತಾನೇ ಬರುತ್ತದೆಂಬ ಇನ್ನೊಂದು ವಾದಕ್ಕೆ ತೂಕವಿದೆ, ಬರ್ಲಿನ್ನಿನಲ್ಲಿರುವವರಿಗೆ. ಬಸವನಗುಡಿಯಲ್ಲಿ ಚಮಚವನ್ನು ಜರ್ಮನ್ನಿನಲ್ಲಿ ಕೇಳುವವರು ಯಾರು?

ಹೊಸ ಪದ ಸೊನ್ನೆಗಿಳಿಸಿ, ರಾಶಿ ಕರಗಿದ ಮೇಲೆ ಏಳರಿಂದ ಹೊರಟರೆ ರಾಯರು ಈಗಲೂ ಬಚಾವು. ಆದರೆ ಅವರು 20 ಪದವನ್ನು 7ಕ್ಕೆ ಇಳಿಸುವ ಬದಲು, 7 ಬಾದಾಮಿಯನ್ನು 20ಕ್ಕೆ ಏರಿಸಿದ್ದಾರೆ.