ಸ್ಲೈಡು ಜೋಡಿಸುವ ಆಸಾಮಿ

ಪ್ರತಿ ಪ್ರಾಜೆಕ್ಟ್ ಗುಂಪಿನಲ್ಲೂ ಇಂಥವನೊಬ್ಬ ಇರುತ್ತಾನೆ. ತೋಟದ ಸರ್ವೆಗೆ ಹೋದಾಗ ಎಲ್ಲರಿಗಿಂತ ಹಿಂದೆ, ಉಂಬಳ ಕಚ್ಚಿದರೂ ಬಾಯಿ ಬಿಡುವುದಿಲ್ಲ. ಸ್ಲೈಡು ಜೋಡಿಸುವ ದಿನ ಬಂದರೆ ಅವನೇ ಸರ್ವಾಧಿಕಾರಿ.

ಶಂಕರನಾರಾಯಣದ ಸುತ್ತಿನ ಅಡಿಕೆ ತೋಟಗಳ ಕೊಳೆರೋಗ ನಮ್ಮ ವಿಷಯ. ಆರು ಮಂದಿ, ಆರು ಫೈಲು. ಒಬ್ಬಳದು ಗುಲಾಬಿ ಹಿನ್ನೆಲೆ, ಇನ್ನೊಬ್ಬನ ಅಕ್ಷರಗಳು ಗಿರಗಿರ ತಿರುಗಿ ಬರುತ್ತಿದ್ದವು. ನನ್ನದು ಹಳೆಯ ನುಡಿ ಫಾಂಟು. ಅವನ ಲ್ಯಾಪ್‌ಟಾಪಿನಲ್ಲಿ ತೆರೆದರೆ ‘ಕನ್ನಡ’ ಇದ್ದಲ್ಲೆಲ್ಲ `PÀ£ÀßqÀ`.

“ಎಂತ ಮಾರಾಯಾ ಇದು?” ಎಂದವನು ಉಪನ್ಯಾಸ ಶುರುಮಾಡಿದ. ಆ ಫೈಲಿನೊಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ, ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿ ಕುಣಿಸುತ್ತದೆ. ಫಾಂಟು ಬದಲಿಸಿದರೆ ವೇಷ ಕಳಚಿತು. ಮೊದಲು ಪರಿವರ್ತಕದಲ್ಲಿ ಯೂನಿಕೋಡ್ ಮಾಡಬೇಕು, ಒತ್ತಕ್ಷರ, ಅರ್ಕಾವತ್ತು ಸರಿ ಬಂತೇ ಎಂದು ಓದಿ ನೋಡಬೇಕು, ಫಾಂಟಿನ ಮಾತು ಆಮೇಲೆ. ನನಗೋ ಹಸಿವು.

ಅಷ್ಟಕ್ಕೇ ಬಿಡಲಿಲ್ಲ. ಸ್ಲೈಡ್ ಮಾಸ್ಟರಿನಲ್ಲಿ ಶೀರ್ಷಿಕೆಯ ಬಣ್ಣ ಒಮ್ಮೆ ಬದಲಿಸಿದ, ಎಲ್ಲರದೂ ಹಸಿರಾಯಿತು, ನನ್ನದು ಮಾತ್ರ ಕೆಂಪಗೇ ಉಳಿಯಿತು. ಔಟ್‌ಲೈನ್ ನೋಟ ತೆರೆದು ತೋರಿಸಿದ: ಅಲ್ಲಿ ನನ್ನ ಒಂದಕ್ಷರವೂ ಇಲ್ಲ! ನಾನು ಟೆಕ್ಸ್ಟ್ ಬಾಕ್ಸ್ ಎಳೆದು ಅದರಲ್ಲಿ ಬರೆದಿದ್ದೆ. ಸ್ಲೈಡಿನ ಲೇಔಟಿನಲ್ಲೇ ಇರುವ ಚೌಕಟ್ಟಿನಲ್ಲಿ ಬರೆದದ್ದಷ್ಟೇ ಔಟ್‌ಲೈನಿಗೆ ಬರುತ್ತದೆ, ಮಾಸ್ಟರಿನ ಮಾತು ಕೇಳುವುದೂ ಅದೇ. ಪ್ರತಿ ಶೀರ್ಷಿಕೆಯನ್ನೂ ಕತ್ತರಿಸಿ ಒಳಗೆ ಅಂಟಿಸಿದ. ಹಾಗೆ ಅಂಟಿಸುವಾಗಲೇ ಕಣ್ಣಿಗೆ ಬಿತ್ತು: ನನ್ನ ಪಟ್ಟಿಯಲ್ಲಿ 250 ಸೆಂಟ್ಸ್ ತೋಟ, ಗುಲಾಬಿಯವಳ ಪಟ್ಟಿಯಲ್ಲಿ 2.5 ಎಕರೆ. ಒಂದೇ ಮನೆಯ ಒಂದೇ ತೋಟವನ್ನು ನಾವಿಬ್ಬರೂ ಎಣಿಸಿದ್ದೆವು. ಬಣ್ಣ ಬಳಿಯುವವ ಎಂದು ನಕ್ಕಿದ್ದ ನಾವು ತೆಪ್ಪಗಾದೆವು.

ಮಾತಿನ ಪಾಲು ಹಂಚುವುದೂ ಅವನದೇ. ಸ್ಲೈಡು ಎಣಿಸಿ ಹಂಚಿದರೆ ‘ಧನ್ಯವಾದಗಳು’ ಸ್ಲೈಡಿನವನಿಗೂ ಗ್ರಾಫಿನವಳಿಗೂ ಒಂದೊಂದು, ಆದರೆ ಒಂದು ಹತ್ತು ಸೆಕೆಂಡು, ಇನ್ನೊಂದು ಎರಡು ನಿಮಿಷ. ಹಾಗಾಗಿ ಗಡಿಯಾರ ಹಿಡಿದು ಓದಿಸಿದ. ಹನ್ನೆರಡು ನಿಮಿಷ, ತಲೆಗೆ ಎರಡು. ಯಾರು ಯಾವ ಮನೆಗೆ ಹೋಗಿದ್ದರೋ ಅದರ ಮಾತು ಅವರದೇ, ಪ್ರಶ್ನೆ ಬಂದರೆ ಉತ್ತರವೂ ಅವರದೇ. ಸಭಾಕಂಪದ ಹುಡುಗಿಗೆ ಗ್ರಾಫು: ಕೈ ತೋರಿಸಲು ಏನಾದರೂ ಇದ್ದರೆ ನಾಲಗೆ ತಡವರಿಸುವುದಿಲ್ಲವಂತೆ. ನಿಜವಾಗಿಯೂ ತಡವರಿಸಲಿಲ್ಲ.

ಮಂಡನೆಯ ದಿನ ಎಡವಟ್ಟಾದದ್ದು ಬೋರ್ಡೋ ದ್ರಾವಣದಲ್ಲಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ಹೇಳಿ ಮುಗಿಸಬೇಕಾದವನು ಅಜ್ಜನ ಕಾಲದ ಕೊಟ್ಟೆ ಕಟ್ಟುವ ಕಥೆಗೆ ಇಳಿದ. ನಮ್ಮ ಆಸಾಮಿಯ ಎರಡು ನಿಮಿಷ ಅಲ್ಲೇ ಕರಗಿತು. ಅವನು ಮೂಲೆಯಲ್ಲಿ ಕುಳಿತು ಸುಮ್ಮನೆ ಬಟನ್ ಒತ್ತುತ್ತಿದ್ದ.

ಕೊನೆಗೆ ಪರೀಕ್ಷಕರು ಅವನನ್ನೇ ಕೇಳಿದರು, “ನೀನೆಂತ ಮಾಡಿದ್ದು?”

“ಸೆಂಟ್ಸನ್ನು ಎಕರೆ ಮಾಡಿದ್ದು, ಸರ್.”